ಮೊದಲ ಸಾಕೆಟ್: ಹಾಸ್ಟೆಲ್ ಕೋಣೆಯ ಎಕ್ಸ್‌ಟೆನ್ಷನ್ ಬಾಕ್ಸ್ ಯಾಕೆ ಬಿಸಿಯಾಗುತ್ತಿತ್ತು?

ಮೇ ತಿಂಗಳ ಒಂದು ಮಧ್ಯಾಹ್ನ ಹುಡುಗನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಒಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. "ಸರ್, ಇದರೊಳಗ ಏನಾಗ್ಯಾದ ನೋಡ್ಬೇಕ್ರಿ. ಹೊರಗಿಂದ ನೋಡಿದ್ರ ಎಲ್ಲಾ ಛಲೋ ಅದ," ಅಂದ. ನಾನು ಕಲಬುರಗಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಹುಡುಗರಿಗೆ ವೈರಿಂಗ್ ಪಾಠ ಹೇಳುತ್ತೇನೆ. ಈ ಹುಡುಗ ನನ್ನ ವಿದ್ಯಾರ್ಥಿ ಅಲ್ಲ. ಅವನು ಓದುವುದು ಬಿಕಾಂ. ಅವನ ಚಿಕ್ಕಪ್ಪನ ಮಗ ನಮ್ಮಲ್ಲಿ ಕಲಿಯುತ್ತಿದ್ದ, ಆ ಗುರುತಿನ ಮೇಲೆ ಬಂದಿದ್ದ.

ಅವನು ಹೇಳಿದ್ದನ್ನೆಲ್ಲ ಕೇಳಿ, ಬಾಕ್ಸ್ ಬಿಚ್ಚಿ ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನಿಸಿತು. ಹಾಸ್ಟೆಲ್ ಯಾವುದು, ಹುಡುಗರು ಯಾರು ಅನ್ನುವುದು ಇಲ್ಲಿ ಬೇಡ. ಹಾಸ್ಟೆಲ್‌ನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ರೂಢಿ. ನಾನೂ ಹಾಗೇ ಕರೆಯುತ್ತೇನೆ, ಆದರೆ ಊರುಗಳನ್ನು ಬದಲಿಸಿದ್ದೇನೆ. ಬಾಕ್ಸ್ ತಂದವನು ಸುರಪುರದವನು. ಉಳಿದ ಮೂವರು ಚಿಂಚೋಳಿ, ಆಳಂದ ಮತ್ತು ಬಸವಕಲ್ಯಾಣದವರು.

ಹಿನ್ನೆಲೆ

ನಾಲ್ಕು ಮಂಚದ ಕೋಣೆ. ಗೋಡೆಯ ಮೇಲೆ ಮೂರು ಪಿನ್ನಿನ ಸಾಕೆಟ್ ಇದ್ದದ್ದು ಒಂದೇ, ಅದೂ ಬಾಗಿಲ ಹಿಂದೆ. ಅಂಗಡಿಯವರು ಫೈವ್ ಎಂಪ್ ಅನ್ನುವ ಚಿಕ್ಕ ಸಾಕೆಟ್. ಈಗ ಅದರ ಮೇಲೆ 6 ಆಂಪ್ ಅಂತ ಬರೆದಿರುತ್ತದೆ. ಹಿಂದಿನ ವರ್ಷ ಇದ್ದ ಹುಡುಗರು ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟುಹೋಗಿದ್ದರು. ಸಾಲಾಗಿ ನಾಲ್ಕು ಸಾಕೆಟ್, ಒಂದು ಕೆಂಪು ಸ್ವಿಚ್, ಅದರ ಪಕ್ಕದಲ್ಲಿ ಚಿಕ್ಕ ಕಪ್ಪು ಗುಂಡಿ. ಸಾಕೆಟ್‌ಗಳು ಯಾವ ಚಿಕ್ಕ ಪ್ಲಗ್ ಬೇಕಾದರೂ ಹೋಗುವಂಥವು, ಅಂದರೆ ಎರಡು ಪಿನ್, ಮೂರು ಪಿನ್, ದುಂಡು, ಚಪ್ಪಟೆ ಎಲ್ಲದಕ್ಕೂ ತೂತು. ಹಿಂದುಗಡೆ 6 ಆಂಪ್, 240 ವೋಲ್ಟ್ ಅಂತ ಅಚ್ಚು ಹಾಕಿತ್ತು.

ಕೋಣೆಯಲ್ಲಿದ್ದ ಸಾಮಾನು ಇಷ್ಟು: ಒಂದು ಕೂಲರ್, ಎರಡು ಲ್ಯಾಪ್‌ಟಾಪ್, ನಾಲ್ಕು ಫೋನು, ಮತ್ತೆ ಒಂದು ಕೆಟಲ್. ಕೆಟಲ್ ಇಟ್ಟುಕೊಳ್ಳಲು ಹಾಸ್ಟೆಲ್‌ನಲ್ಲಿ ಪರವಾನಗಿ ಇರಲಿಲ್ಲ. ಹಾಗಾಗಿ ಕೆಟಲ್ ಮಂಚದ ಕೆಳಗೆ, ಬಾಕ್ಸೂ ಮಂಚದ ಕೆಳಗೆ. ವಾರ್ಡನ್ ಬಂದರೆ ಕಾಣದಿರಲಿ ಅಂತ ಹಾಸಿಗೆಯ ಚಾದರವನ್ನು ನೆಲದವರೆಗೆ ಇಳಿಬಿಟ್ಟಿದ್ದರು. ಈ ವಿಷಯ ಮುಂದೆ ಬರುತ್ತದೆ, ನೆನಪಿರಲಿ.

ಕೆಟಲ್‌ನ ವೈರ್ ಗಿಡ್ಡ. ಬಾಕ್ಸ್‌ನಲ್ಲಿ ಕೆಂಪು ಸ್ವಿಚ್ಚಿಗೆ ಹತ್ತಿರದ ಮೊದಲ ಸಾಕೆಟ್‌ಗೆ ಮಾತ್ರ ಅದು ಸಲೀಸಾಗಿ ಎಟಕುತ್ತಿತ್ತು. ಹಾಗಾಗಿ ಎಂಟು ತಿಂಗಳು ದಿನಕ್ಕೆ ಎರಡು ಸಲ, ಕೆಲವು ದಿನ ನಾಲ್ಕು ಸಲ, ಅದೇ ಪ್ಲಗ್ ಅದೇ ತೂತಿಗೆ ಹೋಗಿ ಬಂದಿತ್ತು.

ಶುರುವಾದದ್ದು

ಏಪ್ರಿಲ್ ಮೊದಲ ವಾರ. ಕಲಬುರಗಿಯಲ್ಲಿ ಆಗ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟಿರುತ್ತದೆ, ರಾತ್ರಿ ಹತ್ತಾದರೂ ಗೋಡೆ ಬಿಸಿ ಉಗುಳುತ್ತಿರುತ್ತದೆ. ಪರೀಕ್ಷೆ ಹತ್ತಿರ ಬಂದಿತ್ತು. ರಾತ್ರಿ ಓದುವಾಗ ಚಹಾಕ್ಕೆ ಕೆಟಲ್ ಹಚ್ಚಿದರೆ ಕೂಲರ್ ಸಮೇತ ಎಲ್ಲಾ ಒಮ್ಮೆಲೇ ಬಂದ್ ಆಗತೊಡಗಿತು. ಬಾಕ್ಸ್‌ನ ಕಪ್ಪು ಗುಂಡಿ ಹೊರಗೆ ಬಂದಿರುತ್ತಿತ್ತು. ಒತ್ತಿದರೆ ಮತ್ತೆ ಚಾಲೂ. ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಅಂದರೆ ಎಂಸಿಬಿ, ಹಾಸ್ಟೆಲ್ ಮೊಗಸಾಲೆಯಲ್ಲಿತ್ತು, ಅದು ಒಂದು ಸಲವೂ ಬೀಳಲಿಲ್ಲ. ಅದು 10 ಆಂಪ್‌ನದು.

ಜೊತೆಗೆ ಒಂದು ವಾಸನೆ. ಮೊದಲು ಬಸವಕಲ್ಯಾಣದವನಿಗೆ ಗೊತ್ತಾಯಿತು. "ಯಾಕೋ ಮೀನಿನ ವಾಸ್ನಿ ಬರ್ಲಕತ್ತದಲ್ಲೋ," ಅಂದನಂತೆ. ಅವತ್ತು ಅದು ಮೆಸ್ಸಿನಿಂದ ಬಂದಿರಬೇಕು ಅಂದುಕೊಂಡರು. ಆದರೆ ಆ ಹಾಸ್ಟೆಲ್ ಮೆಸ್ಸಿನಲ್ಲಿ ಮೀನು ಮಾಡುವುದೇ ಇಲ್ಲ. ಪ್ಲಗ್, ಸಾಕೆಟ್‌ಗೆ ಬಳಸುವ ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳು ತುಂಬಾ ಬಿಸಿಯಾದಾಗ ಹಳಸಿದ ಮೀನಿನಂಥ ವಾಸನೆ ಬರುತ್ತದೆ. ಹೊಗೆ ಕಾಣುವ ಮುಂಚೆ, ಬಣ್ಣ ಕೆಡುವ ಮುಂಚೆ ಮೂಗಿಗೆ ಗೊತ್ತಾಗುವ ಗುರುತು ಅದು. ಕೋಣೆಯಲ್ಲಿ ಮೀನಿಲ್ಲದೆ ಮೀನಿನ ವಾಸನೆ ಬಂದರೆ ಮೊದಲು ಸ್ವಿಚ್‌ಬೋರ್ಡ್ ಕಡೆ ನೋಡಿ ಅಂತ ನಾನು ನನ್ನ ಹುಡುಗರಿಗೆ ಹೇಳುವುದು ಇದಕ್ಕೇ.

ಒಂದು ವಾರ ಗುಂಡಿ ಒತ್ತುತ್ತಾ ಹೋದರು. ಆಮೇಲೆ ಆಳಂದದವನು ಒಂದು ಉಪಾಯ ಹೇಳಿದ. ಸೂಪರ್ ಮಾರ್ಕೆಟ್ ಕಡೆ ರಿಪೇರಿ ಮಾಡುವ ಪರಿಚಯದವನೊಬ್ಬನಿದ್ದಾನೆ, ಐವತ್ತು ರೂಪಾಯಿ ಕೊಟ್ಟರೆ ಆ ಗುಂಡಿ ತೆಗೆದು ವೈರ್ ಡೈರೆಕ್ಟ್ ಮಾಡಿಕೊಡುತ್ತಾನೆ, ಮತ್ತೆ ಟ್ರಿಪ್ ಆಗೋ ಮಾತೇ ಇಲ್ಲ ಅಂತ. ಚಿಂಚೋಳಿಯವನೂ ಹೂಂ ಅಂದ. ಪರೀಕ್ಷೆ ಹೊತ್ತಿನಲ್ಲಿ ಯಾರಿಗೆ ಬೇಕು ಈ ಕಿರಿಕಿರಿ, ಅಲ್ವಾ?

ಸುರಪುರದವನು ಬೇಡ ಅಂದ. ಅವನಿಗೆ ಕರೆಂಟಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅವನು ಕೊಟ್ಟ ಕಾರಣ ಇಷ್ಟೇ: "ಗುಂಡಿ ತೆಗದ್ರ ಟ್ರಿಪ್ ಆಗೂದು ನಿಲ್ತದ. ವಾಸ್ನಿ ಹ್ಯಾಂಗ ನಿಲ್ತದ?" ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಮಾತು ಇದು. ಟ್ರಿಪ್ ಆಗುವುದು ಬೇರೆ, ಬಿಸಿಯಾಗುವುದು ಬೇರೆ ಅನ್ನುವುದನ್ನು ಅವನು ಅವತ್ತೇ ಬೇರ್ಪಡಿಸಿಬಿಟ್ಟಿದ್ದ.

ಮೊದಲ ಲೆಕ್ಕ

ಅವನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯತೊಡಗಿದ: ಯಾವಾಗ ಟ್ರಿಪ್ ಆಯಿತು, ಆಗ ಏನೇನು ಹಚ್ಚಿತ್ತು. ನಾಲ್ಕು ದಿನದ ಮೇಲೆ ಒಂದು ವಿಷಯ ಎದ್ದು ಕಂಡಿತು. ಮೊದಲ ಕೆಟಲ್ ನೀರಿಗೆ ಏನೂ ಆಗುತ್ತಿರಲಿಲ್ಲ. ಎರಡನೇ ಸಲ ನೀರು ತುಂಬಿ ಹಚ್ಚಿದಾಗ, ಮೂರು ನಾಲ್ಕು ನಿಮಿಷಕ್ಕೆ ಗುಂಡಿ ಹಾರುತ್ತಿತ್ತು. ಹಾರಿದ ತಕ್ಷಣ ಒತ್ತಿದರೆ ನಿಲ್ಲುತ್ತಿರಲಿಲ್ಲ. ಎರಡು ನಿಮಿಷ ಬಿಟ್ಟು ಒತ್ತಿದರೆ ನಿಲ್ಲುತ್ತಿತ್ತು.

ಇದನ್ನು ಕೇಳಿದರೆ ಆ ಗುಂಡಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗುತ್ತದೆ. ಅದರೊಳಗೆ ಎರಡು ಬೇರೆ ಲೋಹಗಳನ್ನು ಬೆಸೆದ ತೆಳು ಪಟ್ಟಿ ಇರುತ್ತದೆ. ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಬಿಸಿಯಾದರೆ ಎರಡು ಲೋಹ ಒಂದೇ ಸಮ ಹಿಗ್ಗುವುದಿಲ್ಲ, ಪಟ್ಟಿ ಬಾಗುತ್ತದೆ, ಬಾಗಿ ಗುಂಡಿಯನ್ನು ಬಿಡಿಸುತ್ತದೆ. ತಣ್ಣಗಾಗುವವರೆಗೆ ಮತ್ತೆ ಕೂರುವುದಿಲ್ಲ. ಮೊದಲ ಕೆಟಲ್‌ನ ಬಿಸಿ ಇನ್ನೂ ಆರಿರುವುದಿಲ್ಲ, ಅದರ ಮೇಲೆ ಎರಡನೆಯದು. ಹೊರಗಿನ ಸೆಕೆಯೂ ಅದಕ್ಕೆ ಸೇರುತ್ತದೆ. ಡಿಸೆಂಬರಿನಲ್ಲಿ ತಡೆದುಕೊಂಡಿದ್ದ ಅದೇ ಲೋಡಿಗೆ ಏಪ್ರಿಲ್‌ನಲ್ಲಿ ಗುಂಡಿ ಹಾರುವುದು ಇದಕ್ಕೇ. ಅದರಲ್ಲೂ ಚಾದರದ ಹಿಂದೆ, ಮಂಚದ ಕೆಳಗೆ, ಗಾಳಿಯಾಡದ ಜಾಗದಲ್ಲಿ.

ಹಾಸ್ಟೆಲ್‌ಗೆ ವಾರಕ್ಕೊಮ್ಮೆ ಬರುವ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ವಯಸ್ಸಾದವರು, ಹುಡುಗರೆಲ್ಲ ಕಾಕಾ ಅನ್ನುತ್ತಿದ್ದರು. ಸುರಪುರದವನು ಕೆಟಲ್ ವಿಷಯ ಮುಚ್ಚಿಟ್ಟು, ಬಾಕ್ಸ್ ಟ್ರಿಪ್ ಆಗುತ್ತಿದೆ ಅಂತಷ್ಟೇ ಕೇಳಿದ.

"ಲೋಡ್ ಜಾಸ್ತಿ ಆಗ್ಯಾದ ತಮ್ಮಾ. ಏನೇನ್ ಹಚ್ಚೀರಿ, ಎಲ್ಲಾದರ ಮ್ಯಾಲ ವ್ಯಾಟ್ ಬರ್ದಿರ್ತದ. ಕೂಡಿಸಿ 230ರಿಂದ ಭಾಗ್ಸು. ಬಾಕ್ಸ್ ಹಿಂದ ಎಷ್ಟ್ ಬರ್ದಾದ, ಅದಕ್ಕಿಂತ ಕಮ್ಮಿ ಇರ್ಬೇಕು ನೋಡು," ಅಂದರು ಕಾಕಾ.

ಅವನು ಅವತ್ತು ರಾತ್ರಿ ಟಾರ್ಚ್ ಹಿಡಿದು ಪ್ರತಿಯೊಂದರ ತಳ ನೋಡಿದ. ಕೆಟಲ್ 1500 ವ್ಯಾಟ್, ಅಂದರೆ 6.5 ಆಂಪ್. ಕೂಲರ್ 180 ವ್ಯಾಟ್, 0.8 ಆಂಪ್. ಎರಡು ಲ್ಯಾಪ್‌ಟಾಪ್ ಸೇರಿ 130 ವ್ಯಾಟ್, ಸುಮಾರು 0.6. ಫೋನುಗಳು ಎಲ್ಲಾ ಸೇರಿ 0.3. ಕೂಡಿಸಿದರೆ 8.2 ಆಂಪ್. ಬಾಕ್ಸ್ 6 ಆಂಪ್‌ನದು. ಕೆಟಲ್ ಒಂದನ್ನೇ ಹಚ್ಚಿದರೂ ಅದು ಮಿತಿ ಮೀರಿದ್ದೇ.

ಮೊಗಸಾಲೆಯ ಎಂಸಿಬಿ ಯಾಕೆ ಬೀಳಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಅದು ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ ಇರುವುದು. ಅದರ ಮಿತಿ 10 ಆಂಪ್, ಹೋಗುತ್ತಿದ್ದದ್ದು 8.2. ಅದರ ಮಟ್ಟಿಗೆ ಎಲ್ಲಾ ಸರಿಯಾಗಿಯೇ ಇತ್ತು. ನೀವು ಗೋಡೆಗೆ ತಗುಲಿಸಿದ ಬಾಕ್ಸ್ ಎಂಥದ್ದು ಅಂತ ಎಂಸಿಬಿಗೆ ಗೊತ್ತಾಗುವ ದಾರಿಯೇ ಇಲ್ಲ.

ಸರಿಹೋಯಿತು ಅಂದುಕೊಂಡದ್ದು

ಹುಡುಗರು ಕೂಡಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ದೊಡ್ಡ ಕೆಟಲ್ ಎತ್ತಿಟ್ಟು, ಪಕ್ಕದ ಕೋಣೆಯಿಂದ ಚಿಕ್ಕದೊಂದು ತಂದರು. ಮೊಟ್ಟೆ, ನೂಡಲ್ಸ್ ಬೇಯಿಸುವಂಥದ್ದು, 1000 ವ್ಯಾಟ್. ಅದನ್ನು ಹಚ್ಚಿದಾಗ ಫೋನು ಚಾರ್ಜಿಗೆ ಹಾಕಬಾರದು ಅಂತಲೂ ಮಾಡಿಕೊಂಡರು. ಈಗ ಲೆಕ್ಕ: 4.3, 0.8, 0.6. ಒಟ್ಟು 5.7 ಆಂಪ್. ಆರಕ್ಕಿಂತ ಕಡಿಮೆ.

ಎರಡು ದಿನ ಚಹಾ ಮಾತ್ರ ಮಾಡಿದರು, ಏನೂ ಆಗಲಿಲ್ಲ. ಮೂರನೇ ದಿನ ಮೊಟ್ಟೆ ಬೇಯಿಸಲು ಇಟ್ಟರು. ಹನ್ನೊಂದು ನಿಮಿಷಕ್ಕೆ ಗುಂಡಿ ಹಾರಿತು. ಮೀನಿನ ವಾಸನೆ ಮೊದಲಿಗಿಂತ ಜಾಸ್ತಿ ಬಂತು.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಲೆಕ್ಕ ಸರಿ ಇದೆ, ಆದರೂ ಹಾರುತ್ತಿದೆ ಅಂದರೆ ಗುಂಡಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆಳಂದದವನು ಅದನ್ನೇ ಅಂದ, ಡೈರೆಕ್ಟ್ ಮಾಡಿಸುವ ಮಾತು ಮತ್ತೆ ಬಂತು. ಸುರಪುರದವನು ಈ ಸಲ ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಕೂತ.

ಅವನು ಮಾಡಿದ ಕ್ರಮ ಸರಿಯಾಗಿತ್ತು. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿದ. ಆಮೇಲೆ ಬಾಕ್ಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತ. ಬಿಸಿಯಾಗಿರುವ ಕೆಟಲ್ ಪ್ಲಗ್ಗಿಗೆ ಮೊದಲು ಕೈ ಹಾಕಲಿಲ್ಲ. ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಎಳೆದಾಗ ಪಿನ್ ಬಿಚ್ಚಿಕೊಳ್ಳಬಹುದು, ಹಾಗಾಗಿ ಗೋಡೆಯ ಕಡೆಯಿಂದಲೇ ಕರೆಂಟ್ ತೆಗೆಯಬೇಕು. ಆಮೇಲೆ ಅಂಗೈಯ ಹಿಂಭಾಗದಿಂದ ಮುಟ್ಟುತ್ತಾ ಬಂದ. ಗೋಡೆಗೆ ಹಾಕಿದ್ದ ಪ್ಲಗ್ ಉಗುರುಬೆಚ್ಚಗಿತ್ತು, ಅಷ್ಟೇ. ವೈರ್ ಉದ್ದಕ್ಕೂ ಒಂದೇ ಸಮ ಸ್ವಲ್ಪ ಬೆಚ್ಚಗೆ. ನಾಲ್ಕನೇ ಸಾಕೆಟ್, ಮೂರು, ಎರಡು ಎಲ್ಲಾ ತಣ್ಣಗೆ. ಮೊದಲ ಸಾಕೆಟ್ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿತ್ತು.

ಬಿಸಿ ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಲೋಡ್ ಜಾಸ್ತಿಯಾದರೆ ವೈರ್ ಇಡೀ ಉದ್ದಕ್ಕೂ ಬಿಸಿಯಾಗುತ್ತದೆ, ಯಾಕೆಂದರೆ ಅದೇ ಕರೆಂಟ್ ಎಲ್ಲಾ ಕಡೆ ಹರಿಯುತ್ತದೆ. ಒಂದೇ ಜಾಗ ಸುಡುತ್ತಿದ್ದರೆ ಆ ಜಾಗದಲ್ಲಿ ಜೋಡಣೆ ಸಡಿಲ ಆಗಿದೆ ಅಂತ ಅರ್ಥ.

ಬಾಕ್ಸ್ ತಣ್ಣಗಾದ ಮೇಲೆ, ಗೋಡೆಯಿಂದ ಕಿತ್ತಿಟ್ಟೇ, ಅವನು ಇನ್ನೊಂದು ಕೆಲಸ ಮಾಡಿದ. ಕೂಲರಿನ ಪ್ಲಗ್ಗನ್ನು ನಾಲ್ಕನೇ ಸಾಕೆಟ್‌ಗೆ ಹಾಕಿ ಬಾಕ್ಸನ್ನು ತಲೆಕೆಳಗು ಹಿಡಿದ. ಪ್ಲಗ್ ಅಲ್ಲೇ ಕಚ್ಚಿಕೊಂಡು ನಿಂತಿತು. ಮೂರನೆಯದರಲ್ಲೂ ನಿಂತಿತು, ಎರಡನೆಯದರಲ್ಲೂ. ಮೊದಲನೆಯದಕ್ಕೆ ಹಾಕಿ ತಿರುಗಿಸಿದ ಕೂಡಲೇ ಜಾರಿ ನೆಲಕ್ಕೆ ಬಿತ್ತು. ಕಾಸಿನ ಖರ್ಚಿಲ್ಲದೆ, ಕರೆಂಟಿನ ಹತ್ತಿರವೂ ಹೋಗದೆ ಮಾಡಬಹುದಾದ ಪರೀಕ್ಷೆ ಇದು. ಅವನಿಗೆ ತಾನಾಗಿಯೇ ಹೊಳೆದದ್ದು ಕೇಳಿ ನನಗೆ ನಿಜಕ್ಕೂ ಖುಷಿ ಆಯಿತು. ಅವತ್ತಿನಿಂದ ನಾನೂ ಕ್ಲಾಸಿನಲ್ಲಿ ಹೀಗೇ ತೋರಿಸುತ್ತೇನೆ.

ನಾಲ್ಕನೇ ಸಾಕೆಟ್‌ನ ಆಸೆ

ಅವನು ಆಮೇಲೆ ಮಾಡಿದ ಒಂದು ಕೆಲಸ ಮಾತ್ರ ಮಾಡಬಾರದಿತ್ತು. ಚಿಂಚೋಳಿಯವನ ಒತ್ತಾಯಕ್ಕೆ, ಚಿಕ್ಕ ಕೆಟಲನ್ನು ನಾಲ್ಕನೇ ಸಾಕೆಟ್‌ಗೆ ಹಾಕಿ ಮೊಟ್ಟೆ ಬೇಯಿಸಿ ನೋಡಿದರು. ಮಂಚದ ಕೆಳಗಿನಿಂದ ಬಾಕ್ಸನ್ನು ಈಚೆ ತಂದು, ಪಕ್ಕದಲ್ಲೇ ಕೂತಿದ್ದರು, ಅಷ್ಟರಮಟ್ಟಿಗೆ ಜಾಗ್ರತೆ ಇತ್ತು. ಹದಿನೈದು ನಿಮಿಷ ಆದರೂ ಟ್ರಿಪ್ ಆಗಲಿಲ್ಲ, ವಾಸನೆಯೂ ಇಲ್ಲ. ಕೋಣೆಯಲ್ಲಿ ಎಲ್ಲರಿಗೂ ಸಮಾಧಾನ. "ಮೊದಲನೇದು ಕೆಟ್ಟದ, ಅದಕ್ಕ ಟೇಪ್ ಹಚ್ಚಿಬಿಡೂನು. ನಾಕನೇದು ವಾಪರ್ಸೂನು," ಅಂದರು.

ಸುರಪುರದವನಿಗೆ ಮಾತ್ರ ಸಮಾಧಾನ ಆಗಲಿಲ್ಲ. ಲೆಕ್ಕದ ಪ್ರಕಾರ ಕರೆಂಟ್ ಎರಡೂ ಸಲ ಒಂದೇ, 5.7 ಆಂಪ್. ಗುಂಡಿ ಕರೆಂಟ್ ನೋಡಿ ಹಾರುವುದಾದರೆ ಮೊದಲನೇ ಸಾಕೆಟ್‌ನಲ್ಲಿ ಯಾಕೆ ಹಾರಬೇಕು, ನಾಲ್ಕನೆಯದರಲ್ಲಿ ಯಾಕೆ ಹಾರಬಾರದು? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಅವನು ನನ್ನ ಹತ್ತಿರ ಬಂದದ್ದು.

ಬಿಚ್ಚಿದಾಗ

ಬಾಕ್ಸ್‌ನ ಹಿಂದಿನ ಆರು ಸ್ಕ್ರೂ ತೆಗೆದೆವು. ಒಳಗೆ ಎರೆಮಣ್ಣಿನ ನುಣುಪು ಧೂಳು ತುಂಬಿತ್ತು. ಊದಿ ತೆಗೆದ ಮೇಲೆ ಮೂರು ಉದ್ದನೆಯ ಹಿತ್ತಾಳೆ ಪಟ್ಟಿಗಳು ಕಂಡವು. ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥಿಂಗ್. ಪ್ರತಿ ಸಾಕೆಟ್ ಬಂದ ಜಾಗದಲ್ಲಿ ಪಟ್ಟಿಯನ್ನೇ ಮಡಚಿ ಚಿಮಟದ ಹಾಗೆ ಮಾಡಿರುತ್ತಾರೆ. ಪ್ಲಗ್ಗಿನ ಪಿನ್ ಅದರ ನಡುವೆ ಹೋಗಿ ಕೂರುತ್ತದೆ. ಆ ಚಿಮಟ ಎಷ್ಟು ಬಿಗಿಯಾಗಿ ಹಿಡಿಯುತ್ತದೋ ಅಷ್ಟು ಒಳ್ಳೆಯದು.

ಮೂರು ಸಾಕೆಟ್‌ಗಳ ಚಿಮಟಗಳು ಹೊಳೆಯುವ ಹಳದಿ ಬಣ್ಣದವು, ಎರಡೂ ತುದಿ ಒಂದಕ್ಕೊಂದು ತಾಗುವಷ್ಟು ಹತ್ತಿರ. ಮೊದಲನೆಯದರ ಫೇಸ್ ಕಡೆಯ ಚಿಮಟ ಬಾಯಿ ಬಿಟ್ಟುಕೊಂಡಿತ್ತು. ಬಣ್ಣ ಕಪ್ಪು, ಅಂಚಿನಲ್ಲಿ ನೇರಳೆ ಛಾಯೆ. ಅದನ್ನು ಕೂರಿಸಿದ್ದ ಪ್ಲಾಸ್ಟಿಕ್ ಕಂದು ತಿರುಗಿ ಒಂದು ಕಡೆ ಕರಗಿ ಇಳಿದಿತ್ತು. ಪಕ್ಕದ ವೈರಿನ ಹೊದಿಕೆ ಬೆರಳಲ್ಲಿ ಒತ್ತಿದರೆ ಒಣ ಎಲೆಯ ಹಾಗೆ ಸೀಳಿತು. ಹುಡುಗ ಒಂದು ನಿಮಿಷ ಮಾತೇ ಆಡಲಿಲ್ಲ. ಅದರ ಮೇಲೇ ಅವನ ಗೆಳೆಯ ಎಂಟು ತಿಂಗಳು ಮಲಗಿದ್ದ.

ಹೀಗೆ ಯಾಕಾಯಿತು ಅಂದರೆ, ಶುರು ಮಾಡಿದ್ದು ದೊಡ್ಡ ಕೆಟಲ್ಲೇ. ಮಿತಿ ಮೀರಿದ ಕರೆಂಟಿನಿಂದ ಚಿಮಟ ದಿನಾ ಬಿಸಿಯಾಯಿತು. ಹಿತ್ತಾಳೆ ಹೀಗೆ ಮತ್ತೆ ಮತ್ತೆ ಬಿಸಿಯಾದರೆ ಅದರ ಸ್ಪ್ರಿಂಗ್ ಗುಣ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ. ಎಲ್ಲಾ ಥರದ ಪಿನ್ ಹೋಗುವ ಸಾಕೆಟ್‌ಗಳಲ್ಲಿ ಹಿಡಿತ ಮೊದಲೇ ಕಮ್ಮಿ, ದಿನಾ ಹಾಕಿ ತೆಗೆದದ್ದು ಅದಕ್ಕೆ ಸೇರಿತು. ಸಡಿಲವಾದಾಗ ಪಿನ್ನು ಮತ್ತು ಚಿಮಟ ತಾಗುವ ಜಾಗ ಕಡಿಮೆ. ಕಡಿಮೆ ಜಾಗದಲ್ಲಿ ಅಷ್ಟೇ ಕರೆಂಟ್ ನುಗ್ಗಬೇಕು, ಇನ್ನೂ ಬಿಸಿ. ಬಿಸಿಗೆ ಲೋಹದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದು ಕರೆಂಟಿಗೆ ಇನ್ನೂ ಅಡ್ಡಿ. ಒಮ್ಮೆ ಈ ಸುತ್ತು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಕೆಟಲ್ ಚಿಕ್ಕದು ಮಾಡಿದರೂ ಕೆಟ್ಟ ಚಿಮಟ ಮೊದಲಿನಂತೆ ಆಗುವುದಿಲ್ಲ.

ಹಾಳೆಯ ಮೇಲೆ ಅವನಿಗೆ ಒಂದು ಸಣ್ಣ ಲೆಕ್ಕ ಮಾಡಿ ತೋರಿಸಿದೆ. ಬಿಸಿ ಎಷ್ಟು ಅನ್ನುವುದು ಕರೆಂಟಿನ ವರ್ಗವನ್ನು ಆ ಜಾಗದ ಅಡ್ಡಿಯಿಂದ ಗುಣಿಸಿದಷ್ಟು. ಚಿಕ್ಕ ಕೆಟಲಿನ 4.3 ಆಂಪ್‌ನ ವರ್ಗ ಸುಮಾರು 18.5. ಬಿಗಿಯಾದ ಚಿಮಟದ ಅಡ್ಡಿ 0.005 ಓಮ್ ಅಂತ ಹಿಡಿಯೋಣ, ಬಿಸಿ 0.1 ವ್ಯಾಟ್ ಕೂಡ ಆಗಲಿಲ್ಲ. ಸಡಿಲವಾಗಿ ಕಪ್ಪಾದದ್ದಕ್ಕೆ 0.3 ಓಮ್ ಅಂತ ಹಿಡಿದರೆ 5.5 ವ್ಯಾಟ್. ಐದೂವರೆ ವ್ಯಾಟ್ ಕೇಳಲು ಸಣ್ಣದು. ಆದರೆ ಅದು ಒಂದು ತೊಗರಿ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಹೊರಗೆ ಹೋಗಲು ದಾರಿ ಇಲ್ಲದೆ ಕೂತಿರುತ್ತದೆ.

"ಹಂಗಾರ ಎಂಸಿಬಿ ಯಾಕ ಬೀಳಲ್ಲ ಸರ್?" ಅಂತ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹೋಗುತ್ತಿದೆ ಅಂತ. ಸಡಿಲ ಜೋಡಣೆಯಲ್ಲಿ ಕರೆಂಟ್ ಜಾಸ್ತಿ ಆಗುವುದಿಲ್ಲ. ಅಡ್ಡಿ ಬಂದದ್ದರಿಂದ ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಶಾಕ್ ತಪ್ಪಿಸುವ ಇಎಲ್‌ಸಿಬಿಗೂ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಕರೆಂಟ್ ಎಲ್ಲೂ ಹೊರಗೆ ಸೋರುತ್ತಿಲ್ಲ. ಸಾಕೆಟ್ ಕರಗಿ ಬೆಂಕಿ ಹತ್ತುವವರೆಗೂ ಎರಡೂ ಸುಮ್ಮನೆ ಕೂತಿರಬಹುದು.

ಇನ್ನು ಅವನ ಮುಖ್ಯ ಪ್ರಶ್ನೆ. ಕಪ್ಪು ಗುಂಡಿಯ ಡಬ್ಬಿ ಇದ್ದದ್ದು ಮೊದಲ ಸಾಕೆಟ್‌ನ ಪಕ್ಕಕ್ಕೇ. ಅಳೆದು ನೋಡಿದೆ, ಸುಟ್ಟ ಚಿಮಟಕ್ಕೂ ಅದಕ್ಕೂ ನಡುವೆ ಎರಡು ಸೆಂಟಿಮೀಟರ್. ಎರಡನ್ನೂ ಕೂಡಿಸಿದ್ದು ಅದೇ ಹಿತ್ತಾಳೆ ಪಟ್ಟಿ, ಬಿಸಿ ಅದರಲ್ಲಿ ಹರಿದು ನೇರ ಗುಂಡಿಗೆ ಬರುತ್ತದೆ. ಗುಂಡಿಯೊಳಗಿನ ಪಟ್ಟಿಗೆ ಬಿಸಿ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. ಕರೆಂಟಿನಿಂದ ಸ್ವಲ್ಪ, ಪಕ್ಕದ ಮನೆಯಿಂದ ಸ್ವಲ್ಪ, ಏಪ್ರಿಲ್ ಸೆಕೆಯಿಂದ ಸ್ವಲ್ಪ. ಮೂರೂ ಸೇರಿ 5.7 ಆಂಪ್‌ಗೇ ಹಾರಿತು. ಗುಂಡಿ ಕೆಟ್ಟಿರಲಿಲ್ಲ.

ಇದನ್ನೇ ತಿರುಗಿಸಿ ನೋಡಿ. ಹಾಳಾದದ್ದು ನಾಲ್ಕನೇ ಸಾಕೆಟ್ ಆಗಿದ್ದರೆ ಗುಂಡಿ ದೂರ ಇರುತ್ತಿತ್ತು, ಅಲ್ಲಿಯ ಬಿಸಿ ಅದಕ್ಕೆ ಮುಟ್ಟುತ್ತಿರಲಿಲ್ಲ. ವಾಸನೆ ಬರುತ್ತಿತ್ತು, ಟ್ರಿಪ್ ಆಗುತ್ತಿರಲಿಲ್ಲ. ಹುಡುಗರು ಮಾಡಲು ಹೊರಟಿದ್ದು ಅದನ್ನೇ. ಕೆಟಲನ್ನು ನಾಲ್ಕನೆಯದಕ್ಕೆ ಸ್ಥಳಾಂತರ ಮಾಡಿದ್ದರೆ ಕೆಲವು ತಿಂಗಳಲ್ಲಿ ಅದೇ ಸುತ್ತು ಅಲ್ಲಿ ಶುರುವಾಗುತ್ತಿತ್ತು, ಈ ಸಲ ಎಚ್ಚರಿಸುವವರಿಲ್ಲದೆ. ಇದನ್ನು ಹೇಳಿದಾಗ ಅವನು, "ಅದಕ್ಕ ಟ್ರಿಪ್ ಆಗ್ಲಿಲ್ಲೇನ್ರಿ ಸರ್?" ಅಂದ. ಹೌದು, ಅಲ್ಲಿಯ ಚಿಮಟ ಇನ್ನೂ ಬಿಗಿಯಾಗಿತ್ತು, ಗುಂಡಿಯೂ ದೂರ.

ಅವರ ದೊಡ್ಡ ಕೆಟಲನ್ನೂ ತರಲು ಹೇಳಿದೆ. ಮರುದಿನ ತಂದ. ಪ್ಲಗ್ಗಿನ ಒಂದು ಪಿನ್ ಕಪ್ಪಾಗಿ ಮೇಲ್ಮೈ ತರಿತರಿ ಆಗಿತ್ತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹೊಸ ಬಾಕ್ಸ್ ತಂದು ಹಳೆಯ ಸುಟ್ಟ ಪಿನ್ನಿನ ಪ್ಲಗ್ ಹಾಕುತ್ತಾರೆ, ಆ ತರಿತರಿ ಪಿನ್ನು ಹೊಸ ಚಿಮಟವನ್ನೂ ಬೇಗ ಹಾಳು ಮಾಡುತ್ತದೆ. ಸಾಕೆಟ್ ಬದಲಿಸಿದರೆ ಪ್ಲಗ್ಗನ್ನೂ ಬದಲಿಸಬೇಕು.

ವಾರ್ಡನ್ ಹತ್ತಿರ ಹೋದದ್ದು

ಕರೆಂಟಿನ ಕಡೆಯಿಂದ ಕೆಲಸ ಸುಲಭ ಇತ್ತು. ಕಷ್ಟ ಇದ್ದದ್ದು ಕೆಟಲ್ ಇರುವುದನ್ನು ಒಪ್ಪಿಕೊಳ್ಳುವುದರಲ್ಲಿ. ಗೋಡೆಯ ಸಾಕೆಟ್ ಕೂಡ ತಿಂಗಳುಗಟ್ಟಲೆ 8 ಆಂಪ್ ಹೊತ್ತಿತ್ತು, ಅದನ್ನು ಬಿಚ್ಚಿ ನೋಡದೆ ಹೊಸ ಬಾಕ್ಸ್ ಹಾಕಬೇಡಿ ಅಂದಿದ್ದೆ. ಅದನ್ನು ಕಾಕಾನೇ ನೋಡಬೇಕು, ಕಾಕಾ ನೋಡಿದರೆ ಯಾಕೆ ಅಂತ ಕೇಳುತ್ತಾರೆ. ಕೋಣೆಯಲ್ಲಿ ಎರಡು ದಿನ ಜಗಳ ಆಯಿತಂತೆ. ದಂಡ ಬೀಳುತ್ತದೆ, ಮನೆಗೆ ಫೋನ್ ಹೋಗುತ್ತದೆ ಅಂತ ಭಯ.

ಕೊನೆಗೆ ಸುರಪುರದವನು ಸುಟ್ಟ ಬಾಕ್ಸನ್ನೇ ಕೈಯಲ್ಲಿ ಹಿಡಿದು ವಾರ್ಡನ್ ಕೋಣೆಗೆ ಹೋದ. ಮೊದಲು ಬೈದರು, ಬಿಚ್ಚಿ ಒಳಗೆ ತೋರಿಸಿದ ಮೇಲೆ ಬೈಗುಳ ನಿಂತಿತು. ಅವರು ಕೇಳಿದ ಮೊದಲ ಮಾತು, "ಉಳಿದ ಖೋಲಿಗಳಾಗ ಎಷ್ಟ್ ಅವ ಇಂಥಾವು?"

ವಾಸನೆ ಬಂದ ಒಂದು ತಿಂಗಳು ಬಾಕ್ಸ್ ಚಾದರದ ಹಿಂದೆ ಇದ್ದದ್ದು ನಿಯಮದ ಭಯದಿಂದ. ಹೊರಗೆ ಎದುರಿಗೇ ಇದ್ದಿದ್ದರೆ ಮೊದಲ ವಾರವೇ ಯಾರಾದರೂ ಸಾಕೆಟ್ ಬಿಸಿಯಾದದ್ದು ಗಮನಿಸುತ್ತಿದ್ದರು. ಕೆಟಲ್ ಬೇಡ ಅನ್ನುವ ಹಾಸ್ಟೆಲ್‌ಗಳು ಬಿಸಿನೀರಿಗೆ ಒಂದು ಸರಿಯಾದ ಜಾಗ ಕೊಡಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೊಡದಿದ್ದರೆ ಕೆಟಲ್ ಮಂಚದ ಕೆಳಗೇ ಹೋಗುತ್ತದೆ.

ಈ ವಾರ್ಡನ್ ಕೊಟ್ಟರು. ಊಟದ ಕೋಣೆಯಲ್ಲಿ ನೀರಿನ ಫಿಲ್ಟರ್ ಪಕ್ಕ ಒಂದು 16 ಆಂಪ್ ಪಾಯಿಂಟ್ ಇತ್ತು, ಹದಿನೈದು ಎಂಪ್ ಅನ್ನುತ್ತಾರಲ್ಲ, ಆ ದೊಡ್ಡ ಸಾಕೆಟ್. ಕಾಕಾ ಅದರ ಸ್ಕ್ರೂ ಬಿಗಿ ಮಾಡಿ, ವೈರ್ ದಪ್ಪದ್ದು ಇದೆ ಅಂತ ನೋಡಿಕೊಂಡರು. ಕೋಣೆಯ ಗೋಡೆ ಸಾಕೆಟ್ಟನ್ನೂ ಬಿಚ್ಚಿದರು. ಅದರ ಒಂದು ಸ್ಕ್ರೂ ಸಡಿಲ ಆಗಿತ್ತು, ಬಣ್ಣ ಕೆಟ್ಟಿರಲಿಲ್ಲ.

ಕೆಟಲಿನ ಸುಟ್ಟ ಪ್ಲಗ್ ಕತ್ತರಿಸಿ, ಅದಕ್ಕೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಹಾಕಲು ಹೇಳಿದ್ದು ನಾನು. 1500 ವ್ಯಾಟಿಗೆ ಅದೇ ಸರಿ ಅನ್ನುವುದು ಒಂದು ಕಾರಣ. ಇನ್ನೊಂದು, ಆ ದಪ್ಪ ಪಿನ್ನು ಚಿಕ್ಕ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹೋಗುವುದೇ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಚಹಾ ಬೇಕು ಅನಿಸಿದರೂ, ಊಟದ ಕೋಣೆಗೇ ನಡೆಯಬೇಕು. ಅಂಗಡಿಯಲ್ಲಿ ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್‌ಗೆ ಹಾಕುವ ಕನ್ವರ್ಟರ್ ಸಿಗುತ್ತದೆ. ಅದನ್ನು ಕೋಣೆಗೆ ತರುವುದಿಲ್ಲ ಅಂತ ನಾಲ್ವರೂ ವಾರ್ಡನ್ ಎದುರು ಒಪ್ಪಿದ್ದಾರೆ.

ಕೋಣೆಗೆ ಹೊಸ ಬಾಕ್ಸ್ ಬಂದಿದೆ, ಐಎಸ್‌ಐ ಗುರುತಿನದು. ಕೂಲರ್, ಲ್ಯಾಪ್‌ಟಾಪ್, ಫೋನು ಸೇರಿ 2 ಆಂಪ್ ಒಳಗೇ. ಅದನ್ನು ನೆಲದಿಂದ ಎತ್ತಿ, ಕೂಲರಿನ ನೀರು ಸಿಡಿಯದ ಎತ್ತರಕ್ಕೆ, ಮೇಜಿನ ಪಕ್ಕದ ಗೋಡೆಗೆ ತೂಗುಹಾಕಿದ್ದಾರೆ. ಜೂನ್‌ವರೆಗೆ ಒಂದು ಸಲವೂ ಹಾರಿಲ್ಲ. ವಾರ್ಡನ್ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು. ಕಾಕಾ ಮತ್ತು ಸುರಪುರದವನು ಭಾನುವಾರ ಒಂದೊಂದೇ ಕೋಣೆಗೆ ಹೋಗಿ, ಬಾಕ್ಸ್‌ಗಳನ್ನು ಗೋಡೆಯಿಂದ ಕಿತ್ತು ತಲೆಕೆಳಗು ಮಾಡಿ ನೋಡಿದರು. ಹದಿನಾಲ್ಕು ಬಾಕ್ಸ್‌ಗಳಲ್ಲಿ ಮೂರರಿಂದ ಪ್ಲಗ್ ಜಾರಿ ಬಿತ್ತು. ಆ ಮೂರರಲ್ಲಿ ಯಾವುದೂ ಅವತ್ತಿನವರೆಗೆ ಟ್ರಿಪ್ ಆಗಿರಲಿಲ್ಲ.

ಸುಟ್ಟ ಬಾಕ್ಸ್ ಈಗ ನನ್ನ ಹತ್ತಿರವೇ ಇದೆ. ವಾರ್ಡನ್‌ಗೆ ತೋರಿಸಿದ ಮೇಲೆ ಹುಡುಗ ಅದನ್ನು ಮತ್ತೆ ನನ್ನಲ್ಲಿಗೆ ತಂದಿದ್ದ. ಅವತ್ತು ಹೊರಡುವಾಗ ಹುಡುಗ, ಆಳಂದದವನು ಇದನ್ನು ಊರಿಗೆ ಒಯ್ಯುತ್ತೇನೆ, ಮನೆಯಲ್ಲಿ ಬರೀ ಫೋನ್ ಚಾರ್ಜ್ ಮಾಡೋಕೆ ನಡೆಯುತ್ತದೆ ಅಂದಿದ್ದಾನೆ ಅಂತ ಹೇಳಿದ. ಫೋನಿಗೆ ಅಂತ ಹೋದದ್ದು ಮಳೆಗಾಲದಲ್ಲಿ ಇಸ್ತ್ರಿ ಪೆಟ್ಟಿಗೆಗೆ ಬರುತ್ತದೆ. ನಾನು ಡ್ರಾದಿಂದ ಕಟಿಂಗ್ ಪ್ಲೈಯರ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ವೈರನ್ನು ಬಾಕ್ಸ್‌ನ ಬುಡಕ್ಕೆ ಕತ್ತರಿಸಿ, ಪ್ಲಗ್ ಇದ್ದ ತುಂಡನ್ನು ಮತ್ತೆ ಎರಡು ತುಂಡು ಮಾಡಿ, ನನ್ನ ಮೇಜಿನ ಮೇಲೆ ಇಟ್ಟು ಹೋದ.